ಎರಡು ಡಿಗ್ರಿ ಬೆಚ್ಚಗಿನ ಸೀಸೆ

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ದ್ರಾವಣ ಅಳೆಯುವ ಗಾಜಿನ ಕೊಳವೆಯ ಹೆಸರಿಟ್ಟು ಬ್ಯುರೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಅಟೆಂಡರ್. ಬೆಳಿಗ್ಗೆ ಬಂದು ಬೀಗ ತೆಗೆದು, ಗಾಜಿನ ಸಾಮಾನು ತೊಳೆದು, ದ್ರಾವಣಗಳನ್ನು ತಯಾರು ಮಾಡಿ ಸೀಸೆಗೆ ತುಂಬಿ ಚೀಟಿ ಅಂಟಿಸಿದಳೆಂದರೆ ಅವಳ ಕೆಲಸ ಮುಗಿಯಿತು. ನಾಲ್ಕೂವರೆಗೆ ಸಂಜೆ ತರಗತಿ ಶುರುವಾದಾಗ ಅದೇ ಅಕ್ಕ ನೀಲಿ ಕೋಟು ಬಿಚ್ಚಿ ಬಿಳಿ ಕೋಟು ತೊಟ್ಟು, ಡಿಪ್ಲೊಮಾ ಕೊನೆಯ ವರ್ಷದ ವಿದ್ಯಾರ್ಥಿನಿಯಾಗಿ ಮೂರನೆಯ ಮೇಜಿನ ಮುಂದೆ ನಿಲ್ಲುತ್ತಿದ್ದಳು. ತಾನೇ ತೊಳೆದಿಟ್ಟ ಲೋಟ, ತಾನೇ ತುಂಬಿಟ್ಟ ಸೀಸೆ. ಮದುವೆಮನೆಯಲ್ಲಿ ಅಡುಗೆ ಮಾಡಿ ಬಡಿಸಿದವಳೇ ಕೊನೆಗೆ ಎಲೆ ಮುಂದೆಯೂ ಕೂತಂತೆ.

ಅವಳಿಗೆ ನಲವತ್ತಮೂರು ವರ್ಷ. ಈ ವಯಸ್ಸಿನಲ್ಲಿ ಓದುವ ಹುಚ್ಚು ಯಾಕೆ ಎಂದು ಯಾರಾದರೂ ಕೇಳಿದರೆ ಅವಳಲ್ಲಿ ಉತ್ತರ ಸಿದ್ಧವಿತ್ತು. ಲ್ಯಾಬ್ ಇನ್‌ಸ್ಟ್ರಕ್ಟರ್ ಹುದ್ದೆ ಖಾಲಿ ಇದೆ. ಅದಕ್ಕೆ ಡಿಪ್ಲೊಮಾ ಬೇಕು, ಜೊತೆಗೆ ವಿಭಾಗದ ಮುಖ್ಯಸ್ಥೆಯ ಶಿಫಾರಸು ಪತ್ರ ಬೇಕು. ಮುಖ್ಯಸ್ಥೆ ಎಂದರೆ ಮೇಡಂ. ಮೇಡಂ ಕಳೆದ ವಾರವೇ ಹೇಳಿದ್ದರು: "ಪತ್ರ ನಾನು ಬರೀತೀನಿ ಅಕ್ಕ. ನಿಮ್ಮ ಕೈಯಲ್ಲಿ ಮಾಡಿದ ಒಂದು ಸೀಸೆಯೂ ಇವತ್ತಿನವರೆಗೆ ಸರಿಯಿಲ್ಲ ಅಂತ ವಾಪಸ್ ಬಂದಿಲ್ಲ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ?" ಆ ಮಾತನ್ನು ಅಕ್ಕ ಮನೆಯಲ್ಲಿ ಅತ್ತೆಯ ಮುಂದೆ ಏಳು ಸಲವಾದರೂ ಹೇಳಿದ್ದಳು. ಮುಂದಿನ ವಾರದ ಬುಧವಾರ ಸಂಜೆಯ ಅಂಚೆಗೆ ಆ ಪತ್ರ ಹೋಗಬೇಕಿತ್ತು.

ಹೀಗಿರುವಾಗ ಗುರುವಾರ ಬಂತು, ಗುರುವಾರದ ಜೊತೆ ತಟಸ್ಥೀಕರಣ ಶಾಖದ ಪ್ರಯೋಗವೂ ಬಂತು.

ಪ್ರಯೋಗ ಕೇಳುವುದಕ್ಕೆ ದೊಡ್ಡದು, ಮಾಡುವುದಕ್ಕೆ ಚಿಕ್ಕದು. ಥರ್ಮಾಕೋಲ್ ಲೋಟದಲ್ಲಿ ಐವತ್ತು ಮಿಲಿ ಲೀಟರ್ ಹೈಡ್ರೋಕ್ಲೋರಿಕ್ ಆಮ್ಲ ತೆಗೆದುಕೊಳ್ಳಬೇಕು, ಅದರ ತಾಪ ನೋಡಿಕೊಳ್ಳಬೇಕು. ಅಷ್ಟೇ ಬಲದ, ಅಷ್ಟೇ ಅಳತೆಯ ಕಾಸ್ಟಿಕ್ ಸೋಡದ ದ್ರಾವಣವನ್ನು ಒಮ್ಮೆಲೇ ಸುರಿದು, ಮುಚ್ಚಳ ಮುಚ್ಚಿ, ಕಲಕುತ್ತಾ ತಾಪ ಎಷ್ಟು ಮೇಲೇರಿತು ಎಂದು ನೋಡಬೇಕು. ಆಮ್ಲವೂ ಕ್ಷಾರವೂ ಸೇರಿ ಉಪ್ಪುನೀರಾಗುತ್ತವೆ, ಬಿಸಿ ಹೊರಬರುತ್ತದೆ. ಆ ಬಿಸಿಯನ್ನು ಲೆಕ್ಕ ಹಾಕಿದರೆ ಒಂದು ಮೋಲ್‌ಗೆ ಐವತ್ತೇಳು ಪಾಯಿಂಟ್ ಮೂರು ಕಿಲೋಜೂಲ್ ಬರಬೇಕು ಎಂದು ಪುಸ್ತಕ ಹೇಳುತ್ತದೆ. ಯಾರಿಗೂ ಸರಿಯಾಗಿ ಅಷ್ಟೇ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ವರದಿಯ ಕೊನೆಗೆ 'ಚರ್ಚೆ' ಎಂಬ ತಲೆಬರಹದ ಕೆಳಗೆ ಬರೆಯಬೇಕು. ಅಲ್ಲಿಗೆ ಬಂದಾಗ ಎಲ್ಲರ ಪೆನ್ನೂ ಒಣಗುತ್ತದೆ.

ಅಕ್ಕನ ಜೋಡಿ ಒಬ್ಬ ಇಪ್ಪತ್ತರ ಹುಡುಗಿ. ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಕಾಲೇಜು. ಎಲ್ಲವನ್ನೂ ಚಿಟಿಕೆ ಹೊಡೆಯುವುದರೊಳಗೆ ಮುಗಿಸುವುದರಿಂದ ಅವಳಿಗೆ ಚಿಟಿಕೆ ಎಂದೇ ಹೆಸರು. ಇಪ್ಪತ್ತಾರರಲ್ಲಿ ನಿಂತಿದ್ದ ಪಾದರಸ ಮೂವತ್ತಮೂರೂವರೆಗೆ ಏರಿ ನಿಂತಾಗ ಅವಳು ಕ್ಯಾಲ್ಕ್ಯುಲೇಟರ್ ಮುಟ್ಟಿದ್ದೇ ತಡ, ಉತ್ತರ ಕೂಗಿದಳು.

"ಏಳೂವರೆ ಡಿಗ್ರಿ ಅಕ್ಕ. ಅರವತ್ತೆರಡು ಪಾಯಿಂಟ್ ಏಳು! ಪುಸ್ತಕಕ್ಕಿಂತ ನಾವೇ ಮುಂದೆ."

"ಮೈನಸ್ ಹಾಕೇ. ಬಿಸಿ ಹೊರಗೆ ಬರೋದಕ್ಕೆ ಮೈನಸ್ ಚಿಹ್ನೆ. ಇಲ್ಲಾಂದ್ರೆ ಮೇಡಂ ನಮ್ಮನ್ನೇ ಹೊರಗೆ ಹಾಕ್ತಾರೆ."

ಹದಿನಾರು ಜೋಡಿಗಳೂ ಸೀಸೆ ಸಿಕ್ಕ ಸರದಿಯಲ್ಲೇ ತಮ್ಮ ತಮ್ಮ ಉತ್ತರವನ್ನು ಹಲಗೆಯ ಮೇಲೆ ಬರೆದವು. ಅರವತ್ತನಾಲ್ಕು, ಅರವತ್ತಮೂರೂವರೆ, ಅರವತ್ತಮೂರು, ಹೀಗೆ ಇಳಿದು ಕೊನೆಗೆ ಅರವತ್ತೊಂದು. ಮೇಡಂಗೆ ಆ ಹೊತ್ತಿನಲ್ಲಿ ಮೀಟಿಂಗ್ ಇತ್ತು, ಹಲಗೆ ನೋಡಲು ಬರಲಿಲ್ಲ. "ಸೋಮವಾರ ರೆಕಾರ್ಡ್ ಮೇಜಿನ ಮೇಲಿರಬೇಕು" ಎಂದಷ್ಟೇ ಹೇಳಿಕಳಿಸಿದ್ದರು. ಮಕ್ಕಳಿಗೆ ಅದೇನೂ ಚಿಂತೆಯಲ್ಲ. ಎಲ್ಲರೂ ಅಕ್ಕನ ಬೀರುವಿನ ಮುಂದೆ ಸಾಲುಗಟ್ಟಿದರು.

ಯಾಕೆಂದರೆ ಆ ಬೀರುವಿನಲ್ಲಿ 'ಅಜ್ಜಿ ರೆಕಾರ್ಡ್' ಇತ್ತು. ಯಾವುದೋ ಕಾಲದ ಯಾರದೋ ರೆಕಾರ್ಡ್ ಪುಸ್ತಕ ಅದು. ಹೆಸರಿದ್ದ ಮೊದಲ ಹಾಳೆ ಹರಿದುಹೋಗಿತ್ತು, ಉಳಿದದ್ದೆಲ್ಲ ಮುತ್ತು ಪೋಣಿಸಿದಂಥ ಅಕ್ಷರ, ಪ್ರತಿ ಪುಟಕ್ಕೂ ಕೆಂಪು ಶಾಯಿಯ ಸರಿ ಗುರುತು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ತಂಡದವರೂ 'ಚರ್ಚೆ'ಯನ್ನು ಅದರಿಂದಲೇ ಇಳಿಸಿಕೊಂಡಿದ್ದರು, ಕೊಡುತ್ತಿದ್ದವಳು ಅಕ್ಕನೇ. ಮಕ್ಕಳು ಪಾಸಾಗಲಿ ಎಂಬ ಒಳ್ಳೆಯ ಮನಸ್ಸು. ಅದರಲ್ಲಿ ಹೀಗಿತ್ತು: 'ಸ್ವಲ್ಪ ಶಾಖವು ಸುತ್ತಲಿನ ಗಾಳಿಗೂ ಲೋಟಕ್ಕೂ ನಷ್ಟವಾದುದರಿಂದ ನಮಗೆ ದೊರೆತ ಬೆಲೆಯು ಪುಸ್ತಕದ ಬೆಲೆಗಿಂತ ಕಡಿಮೆಯಾಗಿದೆ.'

ಚಿಟಿಕೆ ಅದನ್ನು ಓದಿ 'ಕಡಿಮೆ' ಎಂಬಲ್ಲಿ ಬೆರಳಿಟ್ಟಳು. "ನಮ್ದು ಕಡಿಮೆ ಅಲ್ವಲ್ಲ ಅಕ್ಕ. ಪರವಾಗಿಲ್ಲ ಬಿಡಿ, ಕಡಿಮೆ ಅನ್ನೋ ಕಡೆ 'ಬೇರೆ' ಅಂತ ಬರೆದ್ರಾಯ್ತು." ಸಾಲಿನಲ್ಲಿದ್ದವರೆಲ್ಲ ಅವಳ ಬುದ್ಧಿಗೆ ತಲೆದೂಗಿದರು. ಹಾಗೆ ಮೂವತ್ತೊಂದು ರೆಕಾರ್ಡುಗಳಿಗೆ ಚರ್ಚೆ ಸಿಕ್ಕಿತು. ಅಕ್ಕ ಮಾತ್ರ ಮನೆಗೆ ಹೋಗಿ ನಿಧಾನವಾಗಿ ಬರೆಯೋಣವೆಂದು ತನ್ನ ರೆಕಾರ್ಡನ್ನು ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಅವಳ ಓದಿನ ಜಾಗ ಅಡುಗೆಮನೆಯ ಮೇಜು. ಅತ್ತೆಗೆ ಎದುರಿನ ಕುರ್ಚಿ. ಅತ್ತೆಯ ಶಾಲೆ ನಾಲ್ಕನೆಯ ತರಗತಿಗೆ ಮುಗಿದಿತ್ತು, ಆದರೆ ಸೊಸೆ ಗಟ್ಟಿಯಾಗಿ ಓದುವುದನ್ನು ಕೇಳಿ ಕೇಳಿ ಅವರೂ ಅರ್ಧ ಡಿಪ್ಲೊಮಾ ಮುಗಿಸಿದ್ದರು. ಬೆಳ್ಳುಳ್ಳಿ ಬಿಡಿಸುತ್ತಾ ಪ್ರಶ್ನೆ ಕೇಳುವುದು ಅವರ ಪದ್ಧತಿ.

"ಇವತ್ತು ಏನು ಪಾಠ?"

"ಹುಳಿ, ಸೌಳು ಎರಡೂ ಸೇರಿದ್ರೆ ಎಷ್ಟು ಬಿಸಿ ಬರುತ್ತೆ ಅಂತ ಅಳೆಯೋದು ಅತ್ತೆ."

"ಅದಕ್ಕೆ ಕಾಲೇಜಿಗೆ ಹೋಗ್ಬೇಕಾ? ನೀನು ಈ ಮನೆಗೆ ಬಂದ ಮೊದಲ ವರ್ಷ ದಿನಾ ಅದೇ ನಡೀತಿತ್ತಲ್ಲ."

ಅಕ್ಕ ನಕ್ಕು ಪುಸ್ತಕ ಬಿಡಿಸಿದಳು. ಪೆನ್ನು ಹಿಡಿದು ಗಟ್ಟಿಯಾಗಿ ಓದಿದಳು. "ಪುಸ್ತಕದ ಬೆಲೆ ಐವತ್ತೇಳು ಪಾಯಿಂಟ್ ಮೂರು. ನಮಗೆ ಸಿಕ್ಕ ಬೆಲೆ ಅರವತ್ತೆರಡು ಪಾಯಿಂಟ್ ಏಳು. ಸ್ವಲ್ಪ ಶಾಖ ಹೊರಗೆ ನಷ್ಟ ಆಗಿದ್ದರಿಂದ..."

"ತಡಿ ತಡಿ," ಎಂದರು ಅತ್ತೆ. "ನಷ್ಟ ಆಯ್ತು ಅಂತೀಯಾ, ಆದ್ರೂ ಜಾಸ್ತಿ ಬಂತು ಅಂತೀಯಾ. ಸೋರೋ ಕೊಡದಲ್ಲಿ ನೀರು ಹೆಚ್ಚಾಗೋದು ಎಲ್ಲಾದ್ರೂ ಉಂಟೇನೇ?"

ಅಕ್ಕ ಪೆನ್ನು ಕೆಳಗಿಟ್ಟಳು. ಹತ್ತೊಂಬತ್ತು ವರ್ಷ ಲ್ಯಾಬಿನಲ್ಲಿದ್ದವಳಿಗೆ ಹೊಳೆಯದ್ದು ಬೆಳ್ಳುಳ್ಳಿ ಬಿಡಿಸುವವರಿಗೆ ಹೊಳೆದಿತ್ತು. ನಿಜ, ಬಿಸಿ ಹೊರಗೆ ಹೋಗಿದ್ದರೆ ಪಾದರಸ ಅಷ್ಟು ಮೇಲೆ ಏರಬಾರದು, ಉತ್ತರ ಐವತ್ತೇಳಕ್ಕಿಂತ ಕೆಳಗಿರಬೇಕು. ನಮ್ಮದು ಮೇಲಿದೆ. ನಮ್ಮದು ಮಾತ್ರವಲ್ಲ, ಹಲಗೆಯ ಮೇಲಿದ್ದ ಹದಿನಾರೂ ಮೇಲಿದ್ದವು. ಕೈ ತಪ್ಪು, ಕಣ್ಣು ತಪ್ಪು ಆಗಿದ್ದರೆ ಕೆಲವರದು ಮೇಲೆ, ಕೆಲವರದು ಕೆಳಗೆ ಇರಬೇಕಿತ್ತು. ಎಲ್ಲರದೂ ಒಂದೇ ಕಡೆ ಓಡಿದೆಯೆಂದರೆ ಎಲ್ಲರಿಗೂ ಸೇರಿದ ಒಂದೇ ವಸ್ತುವಿನಲ್ಲಿ ಏನೋ ಆಗಿದೆ. ಎಲ್ಲರಿಗೂ ಸೇರಿದ್ದು ಎರಡೇ ಸೀಸೆ. ಎರಡನ್ನೂ ತುಂಬಿದವಳು ಒಬ್ಬಳೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಲ್ಲಿಗೇ ನೆನಪಾಯಿತು. ನಾಲ್ಕೂವರೆಗೆ ಸ್ವಲ್ಪ ಮುಂಚೆ ಎರಡು ಲೀಟರಿನ ಕಾಸ್ಟಿಕ್ ಸೀಸೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಮೇಜಿಗೆ ತಂದಿದ್ದಳು. ಸೀಸೆ ಒಂದು ಚೂರು ಬೆಚ್ಚಗಿತ್ತು. ಹಿತವಾಗಿದೆ ಅಂದುಕೊಂಡದ್ದೂ ನೆನಪಾಯಿತು.

ಕಾಸ್ಟಿಕ್ ಸೋಡದ ಬಿಲ್ಲೆಗಳನ್ನು ನೀರಿಗೆ ಹಾಕಿದರೆ ಕರಗುವಾಗಲೇ ನೀರು ಬಿಸಿಯಾಗುತ್ತದೆ. ಅದಕ್ಕೇ ಅವಳು ಯಾವಾಗಲೂ ಹಿಂದಿನ ದಿನವೇ ದ್ರಾವಣ ಮಾಡಿ ಬೆಳಗಾಗುವವರೆಗೆ ತಣಿಯಲು ಬಿಡುತ್ತಿದ್ದಳು. ಈ ಬುಧವಾರ ಮಾಡಿರಲಿಲ್ಲ. ಬುಧವಾರ ಅವಳಿಗೇ ಗಣಿತದ ಕಿರುಪರೀಕ್ಷೆ ಇತ್ತು, ಸೂತ್ರ ಬಾಯಿಪಾಠ ಮಾಡುತ್ತಾ ಕಾಸ್ಟಿಕ್ ಮರೆತಳು. ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ನೆನಪಾಗಿ ಗಡಿಬಿಡಿಯಲ್ಲಿ ಕರಗಿಸಿ, ಸ್ವಲ್ಪ ಹೊತ್ತು ನೀರಿನ ತೊಟ್ಟಿಯಲ್ಲಿಟ್ಟು, ಆರಿತು ಎಂದುಕೊಂಡಳು. ಅಟೆಂಡರನ್ನು ಕೆಡಿಸಿದ್ದು ವಿದ್ಯಾರ್ಥಿನಿ, ವಿದ್ಯಾರ್ಥಿನಿಯನ್ನು ಕೆಡಿಸಿದ್ದು ಅಟೆಂಡರ್. ಬೈಯಲು ಬೇರೆ ಯಾರೂ ಸಿಗಲಿಲ್ಲ.

"ಯಾಕೆ ಹಿಂಗೆ ಕೂತೆ?" ಎಂದರು ಅತ್ತೆ.

"ಸೀಸೆ ವಾಪಸ್ ಬರೋ ಹಾಗಿದೆ ಅತ್ತೆ."

ಶುಕ್ರವಾರ ಬೆಳಿಗ್ಗೆ ಅವಳು ಚಿಟಿಕೆಗೆ ಫೋನ್ ಮಾಡಿ ಸಂಜೆ ಲ್ಯಾಬಿಗೆ ಬರಹೇಳಿದಳು. ವಿಷಯ ಕೇಳಿದ ಚಿಟಿಕೆ ಲ್ಯಾಬಿಗೆ ಬರುತ್ತಲೇ ಹಣೆ ಚಚ್ಚಿಕೊಂಡಳು.

"ಅಕ್ಕ, ನಿಮಗೇನಾದ್ರೂ ತಲೆ ಕೆಟ್ಟಿದೆಯಾ? ಮೇಡಂ ನಿಮ್ಮ ಸೀಸೆಗಳನ್ನೇ ನಂಬಿ ನಿಮಗೆ ಪತ್ರ ಬರೀತಿದ್ದಾರೆ. ನೀವೇ ರೆಕಾರ್ಡಲ್ಲಿ 'ಸೀಸೆ ಕೆಟ್ಟಿತ್ತು' ಅಂತ ಬರೆದ್ರೆ? ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಳ್ಳೋದಾ? ಮೂವತ್ತೊಂದು ಜನ ಶಾಖ ನಷ್ಟ ಅಂತ ಬರೆದಿದ್ದಾರೆ. ನೀವು ಮೂವತ್ತೆರಡನೆಯವರಾಗಿ."

ಅಕ್ಕನಿಗೂ ಅದೇ ಆಸೆ. ಒಂದು ಸಾಲು, ಒಂದೇ ಒಂದು ಸಾಲು ಇಳಿಸಿಕೊಂಡರೆ ಬುಧವಾರ ಪತ್ರ ಹೋಗುತ್ತದೆ, ನೀಲಿ ಕೋಟು ಮೊಳೆಗೆ ನೇತುಬೀಳುತ್ತದೆ. ಆಸೆಯನ್ನು ಅವಳು ಮುಚ್ಚಿಡಲಿಲ್ಲ. "ನನಗೂ ಆ ಪತ್ರ ಬೇಕು ಕಣೇ," ಎಂದಳು. "ಆದ್ರೆ ನಾಳೆ ಇನ್‌ಸ್ಟ್ರಕ್ಟರ್ ಆಗಿ ಈ ಮೇಜಿನ ಮುಂದೆ ನಿಂತು ಮಕ್ಕಳಿಗೆ ಏನು ಹೇಳ್ಲಿ? ಸೋರೋ ಕೊಡದಲ್ಲಿ ನೀರು ಹೆಚ್ಚಾಗುತ್ತೆ ಅಂತಲಾ? ಮೊದ್ಲು ಅಳೆಯೋಣ. ನನ್ನ ಊಹೆ ಸುಳ್ಳಾಗಿದ್ರೆ ಬರೆಯೋದೇ ಬೇಡ."

ಚಿಟಿಕೆ ಪಟ್ಟು ಬಿಡಲಿಲ್ಲ. "ಕಾಸ್ಟಿಕ್ ಬಲ ಜಾಸ್ತಿ ಆಗಿರಬಹುದಲ್ವಾ? ತೂಕ ಹೆಚ್ಚು ಹಾಕಿರ್ತೀರಿ."

"ಹಾಕಿದ್ರೂ ಪ್ರಯೋಜನ ಇಲ್ಲ. ಲೋಟದಲ್ಲಿ ಆಮ್ಲ ಇದ್ದಷ್ಟೇ ತಾನೇ. ಆಮ್ಲ ಮುಗಿದ ಮೇಲೆ ಮಿಕ್ಕ ಕಾಸ್ಟಿಕ್ ಯಾರ ಜೊತೆ ಸೇರುತ್ತೆ? ಸುಮ್ನೆ ಕೂತಿರುತ್ತೆ."

ಮೊದಲು ಗುರುವಾರ ಮಿಕ್ಕಿದ್ದ ಕಾಸ್ಟಿಕ್ ತೆಗೆದರು. ಒಂದು ದಿನ ಕಳೆದು ಅದು ಕೋಣೆಯಷ್ಟೇ ತಣ್ಣಗಾಗಿತ್ತು. ಈ ಸಲ ಆಮ್ಲಕ್ಕೂ ಕಾಸ್ಟಿಕ್‌ಗೂ ಬೇರೆ ಬೇರೆಯಾಗಿ ಥರ್ಮಾಮೀಟರ್ ಇಟ್ಟು ನೋಡಿದರು. ಎರಡೂ ಇಪ್ಪತ್ತಾರು ಪಾಯಿಂಟ್ ಎರಡು. ಸುರಿದರು, ಮುಚ್ಚಿದರು, ಕಲಕಿದರು. ಪಾದರಸ ಮೂವತ್ತೆರಡು ಪಾಯಿಂಟ್ ಏಳಕ್ಕೆ ನಿಂತಿತು.

"ಆರೂವರೆ ಡಿಗ್ರಿ," ಎಂದಳು ಚಿಟಿಕೆ. ಅವಳ ದನಿಯಲ್ಲಿದ್ದ ಅವಸರ ಮೊದಲ ಸಲ ಕಾಣೆಯಾಗಿತ್ತು. "ಐವತ್ನಾಲ್ಕು ಪಾಯಿಂಟ್ ಮೂರು. ಪುಸ್ತಕಕ್ಕಿಂತ ಕಡಿಮೆ ಬಂತು ಅಕ್ಕ."

"ಹ್ಞಾಂ, ಈಗ ಬಿಸಿ ಸೋರಿದೆ ಅಂತ ಬರೀಬಹುದು."

ನಿಮ್ಮ ಸೀಸೆಯ ತಪ್ಪನ್ನು ನಾನು ಬರೆಯಲ್ಲ ಎಂದು ಚಿಟಿಕೆ ತನ್ನ ರೆಕಾರ್ಡ್ ತಿದ್ದದೆಯೇ ಹೊರಟಳು. ಒಂದು ಅಳತೆಗೆ ಅಕ್ಕ ತೃಪ್ತಳಾಗಲಿಲ್ಲ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಹೊಸದಾಗಿ ಎರಡು ಲೀಟರ್ ಕಾಸ್ಟಿಕ್ ಕರಗಿಸಿದಳು. ಗುರುವಾರ ಇಟ್ಟ ಹಾಗೇ ತೊಟ್ಟಿಯಲ್ಲಿಟ್ಟಳು, ಅಷ್ಟೇ ಹೊತ್ತು. ಕರಗಿಸಿದ ಕೂಡಲೇ ಹತ್ತು ಡಿಗ್ರಿ ಏರಿದ್ದ ತಾಪ ನಾಲ್ಕೂವರೆಯ ಹೊತ್ತಿಗೆ ಇಳಿದಿತ್ತು, ಪೂರ್ತಿ ಇಳಿದಿರಲಿಲ್ಲ. ಆಮ್ಲಕ್ಕಿಂತ ಎರಡು ಡಿಗ್ರಿ ಹೆಚ್ಚು. ಇನ್ನು ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಒಂದೂವರೆ. ಹಲಗೆಯ ಮೇಲಿನ ಅಂಕಿಗಳು ಅರವತ್ತನಾಲ್ಕರಿಂದ ಅರವತ್ತೊಂದಕ್ಕೆ ಯಾಕೆ ಇಳಿದವು ಎಂಬುದೂ ಆಗ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತಿಳಿಯಿತು. ಸೀಸೆಗೆ ಮೊದಲು ಕೈ ಹಾಕಿದವರಿಗೆ ಹೆಚ್ಚು ಬಿಸಿ, ಕೊನೆಗೆ ಬಂದವರಿಗೆ ಕಡಿಮೆ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ತನ್ನದೇ ತಪ್ಪು ಇಷ್ಟು ಚೆನ್ನಾಗಿ ಸಿಕ್ಕಿಬಿದ್ದದ್ದಕ್ಕೆ ಯಾರಾದರೂ ಸಂತೋಷಪಡುತ್ತಾರೆಯೇ? ಅವಳು ಪಟ್ಟಳು.

ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಚರ್ಚೆ ಬರೆದಳು. ಮೂರು ಸಲ ಬರೆದು ಹರಿದಳು. ನಾಲ್ಕನೆಯದನ್ನು ಅತ್ತೆಗೆ ಓದಿ ಹೇಳಿದಳು:

'ನಮಗೆ ದೊರೆತ ಬೆಲೆ ಪುಸ್ತಕದ ಬೆಲೆಗಿಂತ ಶೇಕಡ ಒಂಬತ್ತರಷ್ಟು ಹೆಚ್ಚು. ಶಾಖ ನಷ್ಟದಿಂದ ಬೆಲೆ ಕಡಿಮೆಯಾಗಬೇಕೇ ಹೊರತು ಹೆಚ್ಚಾಗುವುದಿಲ್ಲ, ಆದ್ದರಿಂದ ಅದು ಇಲ್ಲಿಯ ಮುಖ್ಯ ಕಾರಣವಲ್ಲ. ಕಾಸ್ಟಿಕ್ ದ್ರಾವಣವನ್ನು ಅದೇ ದಿನ ಮಧ್ಯಾಹ್ನ ತಯಾರಿಸಲಾಗಿತ್ತು, ಅದು ಆಮ್ಲಕ್ಕಿಂತ ಎರಡು ಡಿಗ್ರಿ ಬೆಚ್ಚಗಿತ್ತು. ನಾವು ಆಮ್ಲದ ತಾಪವನ್ನು ಮಾತ್ರ ಅಳೆದೆವು. ಸಮ ಅಳತೆಯ ಎರಡನ್ನೂ ಬೆರೆಸಿದಾಗ ನಿಜವಾದ ಆರಂಭದ ತಾಪ ಒಂದು ಡಿಗ್ರಿ ಹೆಚ್ಚಾಗಿರುತ್ತದೆ. ಆ ಒಂದು ಡಿಗ್ರಿ ನಮ್ಮ ಲೆಕ್ಕದಲ್ಲಿ ತಟಸ್ಥೀಕರಣದ ಶಾಖದಂತೆ ಸೇರಿಕೊಂಡಿತು. ಅದನ್ನು ಕಳೆದರೆ ಉತ್ತರ ಐವತ್ತನಾಲ್ಕು ಪಾಯಿಂಟ್ ಮೂರು. ತಣಿದ ದ್ರಾವಣದಿಂದ ಮತ್ತೆ ಮಾಡಿದಾಗ ಬಂದದ್ದೂ ಅದೇ. ಈಗ ಉಳಿದ ಕೊರತೆಗೆ ಗಾಳಿಗೂ ಲೋಟಕ್ಕೂ ಹೋದ ಶಾಖ ಕಾರಣವಿರಬಹುದು. ದ್ರಾವಣ ತಯಾರಿಸಿದವಳು ನಾನೇ.'

"ಕೊನೇ ಸಾಲು ಬೇಕಾ?" ಎಂದರು ಅತ್ತೆ.

"ಬೇಡ ಅಂತೀರಾ?"

ಅತ್ತೆ ಬೆಳ್ಳುಳ್ಳಿ ತಟ್ಟೆ ಪಕ್ಕಕ್ಕೆ ಸರಿಸಿದರು. "ಇರ್ಲಿ ಬಿಡು. ಇಲ್ಲಾಂದ್ರೆ ಯಾರೋ ಪಾಪದವರ ಮೇಲೆ ಬರುತ್ತೆ." ಆಮೇಲೆ ಎದ್ದು ಬಂದು ಸೊಸೆಯ ತಲೆ ಸವರಿ ಹೋದರು. ಹುಳಿ, ಸೌಳು ಎರಡೂ ಆ ಮನೆಯಲ್ಲಿ ಉಪ್ಪುನೀರಾಗಿ ಬಹಳ ಕಾಲವಾಗಿತ್ತು.

ಮಂಗಳವಾರ ಹನ್ನೊಂದು ಗಂಟೆಗೆ ಮೇಡಂ ಕರೆಸಿದರು. ಅವರ ಕೋಣೆಯಲ್ಲಿ ಮೇಜಿನ ಮೇಲೆ ಮೂವತ್ತೆರಡು ರೆಕಾರ್ಡುಗಳ ಗುಡ್ಡೆ, ಪಕ್ಕದಲ್ಲಿ ಟೈಪಾದ ಒಂದು ಹಾಳೆ. ಆ ಹಾಳೆಯ ಮೇಲೆ ತನ್ನ ಹೆಸರು ಅಕ್ಕನಿಗೆ ತಲೆಕೆಳಗಾಗಿಯೂ ಕಾಣಿಸಿತು. ಅವಳು ನೀಲಿ ಕೋಟಿನ ಗುಂಡಿಯನ್ನು ತಿರುವುತ್ತಾ ನಿಂತಳು.

"ಕೂತ್ಕೊಳ್ಳಿ ಅಕ್ಕ," ಎಂದರು ಮೇಡಂ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. "ಮೂವತ್ತೊಂದು ರೆಕಾರ್ಡ್ ಓದಿದೆ. ಎಲ್ಲರ ಲೋಟದಲ್ಲೂ ಬಿಸಿ ಕಳೆದುಹೋಗಿ ಉತ್ತರ ಹೆಚ್ಚಾಗಿದೆ. ಹದಿಮೂರು ಜನ 'ಕಡಿಮೆ' ಅನ್ನೋ ಪದವನ್ನೂ ಬದಲಾಯಿಸಿಲ್ಲ. ಅರವತ್ತಮೂರು ಐವತ್ತೇಳಕ್ಕಿಂತ ಕಡಿಮೆಯಂತೆ! ಎಲ್ಲರದೂ ಒಂದೇ ವಾಕ್ಯ. ಇದು ಎಲ್ಲಿಂದ ಬಂತು?"

ಒಂದು ತಪ್ಪು ಒಪ್ಪಿಕೊಳ್ಳಲು ಬಂದವಳಿಗೆ ಎರಡನೆಯದೂ ಎದುರಾಯಿತು. ಅಕ್ಕ ಎದ್ದುಹೋಗಿ ಬೀರುವಿನಿಂದ ಅಜ್ಜಿ ರೆಕಾರ್ಡ್ ತಂದು ಮೇಜಿನ ಮೇಲಿಟ್ಟಳು. "ಇದರಿಂದ ಮೇಡಂ. ಹತ್ತೊಂಬತ್ತು ವರ್ಷದಿಂದ ನಾನೇ ಕೊಡ್ತಿದ್ದೀನಿ. ಮಕ್ಕಳಿಗೆ ಉಪಕಾರ ಅಂದ್ಕೊಂಡಿದ್ದೆ."

ಮೇಡಂ ಪುಟ ತಿರುವಿದರು. ಇನ್ನೊಂದು ತಿರುವಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇದ್ದಕ್ಕಿದ್ದಂತೆ ಕೋಣೆ ತುಂಬ ನಗತೊಡಗಿದರು. ನಗು ನಿಲ್ಲಿಸಲು ನೀರು ಕುಡಿಯಬೇಕಾಯಿತು.

"ಇದು ನನ್ನ ಅಕ್ಷರ ಅಕ್ಕ!"

ಅಕ್ಕ ನಂಬಲಿಲ್ಲ. ಮೇಡಂ ಈಗ ಬರೆಯುವ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಅದನ್ನು ಓದಲು ಅವಳೇ ಮಕ್ಕಳಿಗೆ ನೆರವಾಗುತ್ತಿದ್ದಳು.

"ಇಪ್ಪತ್ತೈದು ವರ್ಷದ ಹಿಂದೆ ನಾನು ಇಲ್ಲೇ ಓದ್ತಿದ್ದೆ. ನೋಡಿ, ನನ್ನ ಉತ್ತರ ಐವತ್ತೆರಡು. ಕಡಿಮೆ ಬಂದಿತ್ತು, ಅದಕ್ಕೆ ಕಡಿಮೆ ಅಂತ ಬರೆದೆ, ಸರಿಯಾಗೇ ಇತ್ತು. ಉತ್ತರ ವರ್ಷವರ್ಷ ಬದಲಾಗಿದೆ, ನನ್ನ ವಾಕ್ಯ ಮಾತ್ರ ಅಲ್ಲೇ ಕೂತಿದೆ." ಅವರು ಆ ಪುಸ್ತಕವನ್ನು ಮುಚ್ಚಿ ತಮ್ಮ ಡ್ರಾಯರಿಗೆ ಹಾಕಿ ಬೀಗ ಹಾಕಿದರು. "ಇನ್ನು ಇದು ಹೊರಗೆ ಬರಲ್ಲ. ಅವರೆಲ್ಲ ಪ್ರಯೋಗ ಮತ್ತೆ ಮಾಡ್ಲಿ, ಎರಡೂ ಸೀಸೆಗೆ ಥರ್ಮಾಮೀಟರ್ ಇಟ್ಟು."

ಆಮೇಲೆ ಅಕ್ಕನ ರೆಕಾರ್ಡನ್ನು ಬಿಡಿಸಿ ಚರ್ಚೆಯ ಪುಟದ ಮೇಲೆ ಬೆರಳಿಟ್ಟರು. ನಗು ಹೋಗಿತ್ತು. ಪಕ್ಕದ ಟೈಪಾದ ಹಾಳೆಯನ್ನು ಅಕ್ಕನ ಕಡೆಗೆ ತಿರುಗಿಸಿದರು. "ಇದನ್ನ ನಾನು ಶುಕ್ರವಾರ ಟೈಪ್ ಮಾಡಿದ್ದು. ಓದಿ."

ಅಕ್ಕ ಓದಿದಳು. 'ಹತ್ತೊಂಬತ್ತು ವರ್ಷಗಳಲ್ಲಿ ಇವರು ತಯಾರಿಸಿದ ದ್ರಾವಣಗಳಲ್ಲಿ ಒಂದು ತಪ್ಪೂ ಕಂಡುಬಂದಿಲ್ಲ.' ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದು ಹೀಗೇ ಇರುತ್ತದೆ ಎಂದುಕೊಂಡಳು. ಆದರೂ ಹಾಳೆಯನ್ನು ತಾನೇ ಮೇಡಂ ಕಡೆ ಸರಿಸಿದಳು.

"ಈ ಸಾಲು ಈಗ ಸುಳ್ಳಾಯ್ತು ಮೇಡಂ. ಕಳಿಸ್ಬೇಡಿ."

"ಹೌದು, ಸುಳ್ಳಾಯ್ತು," ಎಂದರು ಮೇಡಂ. ಪೆನ್ನು ತೆಗೆದು ಆ ಸಾಲನ್ನು ಅಡ್ಡಡ್ಡ ಹೊಡೆದುಹಾಕಿದರು. ಆಮೇಲೆ ಅದರ ಮೇಲಿನ ಜಾಗದಲ್ಲಿ ಕೋಳಿ ಕೆದರಿದ ಅಕ್ಷರದಲ್ಲಿ ಏನನ್ನೋ ಬರೆಯತೊಡಗಿದರು. ಬರೆದು ಮುಗಿಸಿ ಹಾಳೆಯನ್ನು ಮತ್ತೆ ತಿರುಗಿಸಿದರು. ಆ ಅಕ್ಷರವನ್ನು ಓದಬಲ್ಲವರು ಕಾಲೇಜಿನಲ್ಲಿ ಇಬ್ಬರೇ, ಅವರಲ್ಲಿ ಒಬ್ಬಳು ಓದಿದಳು:

'ಹತ್ತೊಂಬತ್ತು ವರ್ಷಗಳಲ್ಲಿ ಇವರ ದ್ರಾವಣದಲ್ಲಿ ಒಂದು ತಪ್ಪು ಬಂದಿದೆ. ಅದನ್ನು ಕಂಡುಹಿಡಿದವರು ಇವರೇ. ಇಡೀ ತರಗತಿ ಬೇರೆ ಕಾರಣ ಬರೆದಾಗ ಇವರು ಪ್ರಯೋಗವನ್ನು ಮತ್ತೆ ಮಾಡಿ, ತಪ್ಪು ಎರಡು ಡಿಗ್ರಿ ಎಂದು ಅಳೆದು, ತಮ್ಮ ಹೆಸರಿನಲ್ಲೇ ಬರೆದುಕೊಟ್ಟಿದ್ದಾರೆ. ನಮ್ಮ ಮಕ್ಕಳಿಗೆ ಇನ್‌ಸ್ಟ್ರಕ್ಟರ್ ಆಗಿ ನನಗೆ ಬೇಕಾದವರು ಇವರು.'

ಅಕ್ಷರಗಳು ಕಲಸಿಹೋದವು. ಈ ಸಲ ತಪ್ಪು ಮೇಡಂ ಕೈಬರಹದ್ದಲ್ಲ. ಅಕ್ಕ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು, ಮತ್ತೊಮ್ಮೆ ಓದಿದಳು, ಮೂರನೆಯ ಸಲವೂ ಓದಿದಳು. ಮೇಡಂ ಕಾಯುತ್ತಿದ್ದರು.

"ಏನು ಅಕ್ಕ, ಸರಿಯಿಲ್ವಾ?"

"ಸರಿಯಿದೆ ಮೇಡಂ." ಅವಳು ಮೂಗು ಒರೆಸಿಕೊಂಡಳು. "ಒಂದೇ ಒಂದು ಮಾತು. ನಮ್ಮ ಥರ್ಮಾಮೀಟರು ಪಾಯಿಂಟ್ ಎರಡು ಆಚೀಚೆ ತೋರಿಸುತ್ತೆ. ಎರಡು ಡಿಗ್ರಿ ಅಂತ ಖಡಾಖಂಡಿತವಾಗಿ ಹೇಳೋಕಾಗಲ್ಲ."

ಮೇಡಂ ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದು, 'ಎರಡು ಡಿಗ್ರಿ' ಎಂಬುದರ ಹಿಂದೆ ಚಿಕ್ಕದಾಗಿ 'ಸುಮಾರು' ಎಂದು ಸೇರಿಸಿ, ಕೆಳಗೆ ಸಹಿ ಹಾಕಿದರು.